33 ಡಿಗ್ರಿಯಲ್ಲೇ ಚಳಿ: ಮೆಂಥಾಲ್ ನಮ್ಮ ನರಕ್ಕೆ ಏನು ಮಾಡುತ್ತದೆ

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಮಾತಾಡಿದ್ದರ ಬರಹ ರೂಪ ಇದು. ಬಾಯಿಮಾತನ್ನು ಸ್ವಲ್ಪ ಓರಣ ಮಾಡಿದ್ದೇನೆ, ಅಷ್ಟೇ. ಮಧ್ಯೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಮೂರು ಬಾಟಲಿ ಇವೆ. ಮೊದಲನೆಯದರಲ್ಲಿ ಸ್ಪಿರಿಟ್, ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಹತ್ತಿಯಲ್ಲಿ ಒರೆಸುತ್ತಾರಲ್ಲ, ಅದು. ಎರಡನೆಯದರಲ್ಲಿ ಬರೀ ಕೊಬ್ಬರಿ ಎಣ್ಣೆ. ಮೂರನೆಯದರಲ್ಲೂ ಕೊಬ್ಬರಿ ಎಣ್ಣೆಯೇ, ಆದರೆ ಅದರಲ್ಲಿ ಸ್ವಲ್ಪ ಮೆಂಥಾಲ್ ಹರಳು, ಅಂದರೆ ಪುದೀನ ಸತ್ವ, ಕರಗಿಸಿದ್ದೇನೆ. ಹರಳು ಸಿಕ್ಕಿದ್ದು ಗ್ರಂಧಿಗೆ ಅಂಗಡಿಯಲ್ಲಿ. ಪಕ್ಕದಲ್ಲಿರುವ ಗನ್ ಥರ್ಮಾಮೀಟರ್ ಕೋವಿಡ್ ಕಾಲದ್ದು. ಎಲ್ಲರ ಮನೆಯಲ್ಲೂ ಒಂದು ಧೂಳು ಹಿಡಿದು ಬಿದ್ದಿರುತ್ತದೆ, ಅಲ್ವಾ?

ಈ ಗನ್ ಬಗ್ಗೆ ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ, ಮನೆಯಲ್ಲಿ ಮಾಡಿ ನೋಡುವವರಿಗೆ ಬೇಕಾಗುತ್ತದೆ. ಇದರಲ್ಲಿ ಎರಡು ಮೋಡ್ ಇರುತ್ತವೆ. ಬಾಡಿ ಮೋಡ್‌ನಲ್ಲಿಟ್ಟರೆ ಅದು ಹಣೆಯ ಚರ್ಮದ ಬಿಸಿ ಅಳೆದು, ತಾನೇ ಒಂದು ಲೆಕ್ಕ ಹಾಕಿ, ಒಳಗಿನ ಜ್ವರದ ಅಂಕಿ ತೋರಿಸುತ್ತದೆ. ನಮಗೆ ಆ ಲೆಕ್ಕ ಬೇಡ. ಚರ್ಮದ ಮೇಲೆ ನಿಜವಾಗಿ ಎಷ್ಟಿದೆಯೋ ಅಷ್ಟು ಬೇಕು. ಅದಕ್ಕೆ ಸರ್ಫೇಸ್ ಮೋಡ್‌ಗೆ ಹಾಕಿ.

ಈಗ ಮುಂದಿನ ಸಾಲಿನಲ್ಲಿ ಕೂತ ಹುಡುಗಿ ಮುಂಗೈ ಕೊಟ್ಟಿದ್ದಾಳೆ. ಗನ್ ಹಿಡಿದರೆ 33 ಡಿಗ್ರಿಯ ಆಸುಪಾಸು. ಒಳಗಿನ ಮೈ 37 ಇದ್ದರೂ ಕೈಯ ಚರ್ಮ ಸಾಮಾನ್ಯವಾಗಿ ಮೂರ್ನಾಲ್ಕು ಡಿಗ್ರಿ ಕಡಿಮೆಯೇ ಇರುತ್ತದೆ. ಈ 33 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಇವತ್ತಿನ ಮಾತೆಲ್ಲ ಅದರ ಸುತ್ತಲೇ. ಒಂದು ಕಡೆ ಸ್ಪಿರಿಟ್ ಒರೆಸಿದೆ. "ತಣ್ಣಗಾಯ್ತು" ಅಂದಳು. ಗನ್ ಹಿಡಿದರೆ ಅಂಕಿ ಕೆಲವು ಡಿಗ್ರಿ ಕೆಳಗೆ ಬಂದಿದೆ. ಇದರಲ್ಲಿ ಮೋಸ ಇಲ್ಲ. ಸ್ಪಿರಿಟ್ ಆವಿಯಾಗುವಾಗ ಚರ್ಮದ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ, ಚರ್ಮ ನಿಜವಾಗಿಯೂ ತಣ್ಣಗಾಗುತ್ತದೆ.

ಇನ್ನೊಂದು ಕೈಗೆ ಎರಡೂ ಎಣ್ಣೆ, ಎರಡು ಬೇರೆ ಜಾಗದಲ್ಲಿ. ಯಾವುದು ಯಾವುದು ಅಂತ ಅವಳಿಗೆ ಹೇಳಿಲ್ಲ. ಹಚ್ಚಿದ ಕೂಡಲೇ ಅಳೆಯಬೇಡಿ, ಎಣ್ಣೆಯೂ ಚರ್ಮದ ಬಿಸಿಗೆ ಬರಲಿ, ಮೆಂಥಾಲ್ ಒಳಗೆ ಇಳಿಯೋದಕ್ಕೂ ಒಂದೆರಡು ನಿಮಿಷ ಬೇಕು. ಸ್ವಲ್ಪ ಹೊತ್ತಾದ ಮೇಲೆ ಅವಳು ಒಂದು ಜಾಗ ತೋರಿಸಿ "ಇಲ್ಲಿ ಐಸ್ ಇಟ್ಟ ಹಾಗಿದೆ" ಅಂದಳು. ಅದು ಮೆಂಥಾಲ್ ಜಾಗವೇ. ಗನ್ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸುತ್ತಿದೆ, 33.

ಯಾರೋ ಹಿಂದಿನಿಂದ ಕೇಳಿದರು, "ಮೆಂಥಾಲ್ ಕೂಡ ವಾಸನೆ ಬರುವ ವಸ್ತು ಅಲ್ವಾ ಸರ್, ಅದೂ ಆವಿಯಾಗುತ್ತೆ, ಗನ್‌ಗೆ ಗೊತ್ತಾಗದಷ್ಟು ಸ್ವಲ್ಪ ತಣ್ಣಗಾಗ್ತಿರಬಹುದಲ್ವಾ?" ಒಳ್ಳೇ ಅನುಮಾನ. ಇದನ್ನು ಬಗೆಹರಿಸೋಕೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸಾಕು. ಸ್ಪಿರಿಟ್ ಹಚ್ಚಿದ ಜಾಗದ ಮೇಲೆ ತಕ್ಷಣ ಪ್ಲಾಸ್ಟಿಕ್ ಸುತ್ತಿ ಒತ್ತಿ ಹಿಡಿದರೆ ಆವಿ ಹೊರಗೆ ಹೋಗೋದಿಲ್ಲ, ತಂಪು ನಿಂತುಹೋಗುತ್ತದೆ. ಮೆಂಥಾಲ್ ಮೇಲೆ ಸುತ್ತಿ ನೋಡಿ. ತಂಪು ನಿಲ್ಲೋದಿಲ್ಲ. ಕೆಲವರಿಗೆ ಜಾಸ್ತಿಯೇ ಆಗುತ್ತದೆ, ಯಾಕಂದರೆ ಗಾಳಿಗೆ ಹೋಗುತ್ತಿದ್ದ ಮೆಂಥಾಲ್ ಕೂಡ ಈಗ ಚರ್ಮದೊಳಗೆ ಇಳಿಯುತ್ತದೆ. ಒಂದು ಮಾತು: ಅಂಗಡಿಯಲ್ಲಿ ಸಿಗುವ ನೋವಿನ ಜೆಲ್‌ನಲ್ಲಿ ಈ ಪ್ರಯೋಗ ಮಾಡಬೇಡಿ. ಎಷ್ಟೋ ಜೆಲ್‌ಗಳಲ್ಲಿ ಮೆಂಥಾಲ್ ಜೊತೆ ಆಲ್ಕೋಹಾಲೂ ಇರುತ್ತದೆ, ಎರಡು ತಂಪೂ ಕಲಸಿಹೋಗಿ ಏನೂ ಗೊತ್ತಾಗೋದಿಲ್ಲ. ಅಲ್ಲದೆ ಅಂಥ ಜೆಲ್ ಮೇಲೆ ಪ್ಲಾಸ್ಟಿಕ್ ಸುತ್ತಿದರೆ ಚರ್ಮ ಉರಿದು ಕೆಂಪಾಗಬಹುದು.

ಈ ವಾದ ಹೊಸದಲ್ಲ. ಮೆಂಥಾಲ್ ತಂಪಿಗೆ ಆವಿ ಕಾರಣ ಅಲ್ಲ, ಅದು ನೇರವಾಗಿ ತಂಪಿನ ನರಗಳನ್ನೇ ಕೆಣಕುತ್ತದೆ ಅಂತ ಜರ್ಮನಿಯ ವೈದ್ಯ ಆಲ್ಫ್ರೆಡ್ ಗೋಲ್ಡ್‌ಶೈಡರ್ 1886ರಲ್ಲೇ ಹೇಳಿದ್ದ. ಆದರೆ ಆಗ ನರದೊಳಗೆ ಏನಾಗುತ್ತಿದೆ ಅಂತ ಕೇಳಿಸಿಕೊಳ್ಳುವ ಉಪಕರಣ ಇರಲಿಲ್ಲ. 1951ರಲ್ಲಿ ಹರ್ಬರ್ಟ್ ಹೆನ್ಸೆಲ್ ಮತ್ತು ಯಂಗ್ವೆ ಜೊಟರ್‌ಮನ್ ಬೆಕ್ಕಿನ ನಾಲಿಗೆಯಿಂದ ಹೊರಡುವ ನರವನ್ನು ಬಿಡಿಸಿ, ಅದರ ಎಳೆಗಳಲ್ಲಿ ಓಡುವ ವಿದ್ಯುತ್ ಮಿಡಿತಗಳನ್ನು ದಾಖಲಿಸಿದರು. ನಾಲಿಗೆಗೆ ತಣ್ಣೀರು ಬಿಟ್ಟರೆ ಕೆಲವು ಎಳೆಗಳು ಪಟಪಟ ಮಿಡಿಯುತ್ತವೆ. ಅವೇ ತಂಪಿನ ಎಳೆಗಳು. ನೀರಿನ ಬಿಸಿ ಬದಲಿಸದೆ ಅದಕ್ಕೆ ತೀರಾ ಸ್ವಲ್ಪ ಮೆಂಥಾಲ್ ಬೆರೆಸಿದರು. ಅದೇ ಎಳೆಗಳು ಮತ್ತೆ ಮಿಡಿಯತೊಡಗಿದವು. ನನಗೆ ಇಲ್ಲಿ ತುಂಬಾ ಇಷ್ಟವಾಗುವ ಭಾಗ ಮುಂದಿನದು. ಮೆಂಥಾಲ್ ಇರುವಾಗಲೇ ನಾಲಿಗೆಯನ್ನು ಬಿಸಿ ಮಾಡಿದರೆ ಮಿಡಿತ ಅಡಗಿಹೋಯಿತು. ಅಂದರೆ ಮೆಂಥಾಲ್ ನರವನ್ನು ಸುಮ್ನೆ ಚುಚ್ಚುತ್ತಿಲ್ಲ. ಬಿಸಿ-ತಂಪನ್ನು ಅಳೆಯುವ ಯಾವ ಭಾಗ ಅಲ್ಲಿದೆಯೋ, ಅದನ್ನೇ ಮುಟ್ಟುತ್ತಿದೆ.

ಆ ಭಾಗ ಯಾವುದು ಅಂತ ತಿಳಿಯೋಕೆ ಇನ್ನೂ 51 ವರ್ಷ ಹಿಡಿಯಿತು.

2002ರಲ್ಲಿ ಅಮೆರಿಕದ ಎರಡು ತಂಡಗಳು ಹೆಚ್ಚುಕಡಿಮೆ ಒಟ್ಟಿಗೇ ಅದನ್ನು ಹಿಡಿದವು. ಒಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡೇವಿಡ್ ಜೂಲಿಯಸ್ ಅವರದು, ಇನ್ನೊಂದು ಸ್ಯಾನ್ ಡಿಯೇಗೋದಲ್ಲಿ ಆರ್ಡೆಮ್ ಪಟಪೂಟಿಯನ್ ಅವರದು. ಇಬ್ಬರಿಗೂ 2021ರಲ್ಲಿ ನೊಬೆಲ್ ಬಂತು. ಜೂಲಿಯಸ್ ಅದಕ್ಕೂ ಮೊದಲು, 1997ರಲ್ಲಿ, ಮೆಣಸಿನಕಾಯಿಯ ಖಾರದ ವಸ್ತುವನ್ನು ಗಾಳವಾಗಿ ಬಳಸಿ ಬಿಸಿಯ ಚಾನೆಲ್, ಅಂದರೆ ಬಿಸಿ ತಾಗಿದರೆ ತೆರೆಯುವ ಬಾಗಿಲಿನಂಥ ಒಂದು ಪ್ರೋಟೀನ್, ಹಿಡಿದಿದ್ದರು. ಈಗ ಅದೇ ಉಪಾಯ, ಗಾಳ ಮಾತ್ರ ಮೆಂಥಾಲ್.

ಉಪಾಯ ಹೀಗೆ. ಇಲಿಯ ಮುಖದ ನರಗಳ ಗಂಟಿನಿಂದ ನರಕೋಶಗಳನ್ನು ತೆಗೆದು ಗಾಜಿನ ತಟ್ಟೆಯಲ್ಲಿಟ್ಟರು. ಕೋಶದೊಳಗೆ ಕ್ಯಾಲ್ಸಿಯಂ ನುಗ್ಗಿದರೆ ಹೊಳಪು ಬದಲಾಗುವ ಒಂದು ಬಣ್ಣವನ್ನು ತುಂಬಿದರು. ಮೆಂಥಾಲ್ ಹಾಕಿದಾಗ ಎಲ್ಲ ಕೋಶ ಅಲ್ಲ, ಕೆಲವೇ ಕೆಲವು ಬಣ್ಣ ಬದಲಿಸಿದವು. ಆ ಕೆಲವು ಕೋಶಗಳಲ್ಲಿ ಇದ್ದು ಉಳಿದವುಗಳಲ್ಲಿ ಇಲ್ಲದ ಏನೋ ಒಂದು ಇದೆ ಅಂತಾಯಿತು. ಹಾಗಾಗಿ ಆ ನರಗಂಟಿನಲ್ಲಿ ಕೆಲಸ ಮಾಡುತ್ತಿರುವ ಜೀನ್‌ಗಳ ಪ್ರತಿಗಳನ್ನೆಲ್ಲ ಗುಂಪು ಗುಂಪಾಗಿ ಹಂಚಿ, ಮೆಂಥಾಲ್‌ಗೆ ಯಾವತ್ತೂ ಸ್ಪಂದಿಸದ ಬೇರೆ ಕೋಶಗಳಿಗೆ (ಮನುಷ್ಯನ ಮೂತ್ರಪಿಂಡದ ಮೂಲದವು, ಲ್ಯಾಬ್‌ಗಳಲ್ಲಿ ಎಲ್ಲ ಕೆಲಸಕ್ಕೂ ಬಳಸುವಂಥವು) ಸೇರಿಸಿದರು. ಯಾವ ಗುಂಪು ಹಾಕಿದ ಕೋಶಗಳು ಮೆಂಥಾಲ್‌ಗೆ ಹೊಳೆಯುತ್ತವೋ ಆ ಗುಂಪನ್ನು ಒಡೆದು ಚಿಕ್ಕದು ಮಾಡಿದರು. ಮತ್ತೆ ಪರೀಕ್ಷೆ, ಮತ್ತೆ ಒಡೆಯುವುದು. ಕೊನೆಗೆ ಒಂದೇ ಜೀನ್ ಉಳಿಯಿತು. ಅದೊಂದನ್ನು ಹಾಕಿದರೆ ಸಾಕು, ಮೂತ್ರಪಿಂಡದ ಕೋಶ ಮೆಂಥಾಲ್‌ಗೆ ಸ್ಪಂದಿಸುತ್ತದೆ. ಮೆಂಥಾಲ್ ಇಲ್ಲದೆ, ಬರೀ ತಟ್ಟೆಯ ದ್ರವವನ್ನು ತಣ್ಣಗೆ ಮಾಡಿದರೂ ಸ್ಪಂದಿಸುತ್ತದೆ! ಗಾಳಕ್ಕೆ ಕಟ್ಟಿದ್ದು ಪುದೀನ ಸತ್ವ, ಸಿಕ್ಕಿದ್ದು ಚಳಿಯ ಮಾಪಕ.

ಪಟಪೂಟಿಯನ್ ತಂಡ ಬೇರೆ ದಾರಿಯಲ್ಲಿ ಬಂತು. ಮೆಣಸಿನಕಾಯಿ ಚಾನೆಲ್‌ಗೆ ನೆಂಟರು ಯಾರಿದ್ದಾರೆ ಅಂತ ಡಿಎನ್‌ಎ ಪಟ್ಟಿಗಳಲ್ಲಿ ಹುಡುಕಿ, ಅವರಲ್ಲಿ ಸಂವೇದನೆಯ ನರಗಳಲ್ಲಿರುವವರನ್ನು ಆರಿಸಿ ಪರೀಕ್ಷಿಸಿದರು. ಇಬ್ಬರೂ ತಲುಪಿದ್ದು ಒಂದೇ ಪ್ರೋಟೀನಿಗೆ. ಇವತ್ತು ಅದರ ಹೆಸರು ಟಿಆರ್‌ಪಿಎಂ8. ತಮಾಷೆ ಅಂದರೆ ಇದು ಪಟ್ಟಿಯಲ್ಲಿ ಆಗಲೇ ಇತ್ತು. 2001ರಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ಅಧ್ಯಯನ ಮಾಡುತ್ತಿದ್ದವರು ಇದನ್ನು ಅಲ್ಲಿ ಕಂಡು ಹೆಸರಿಟ್ಟು ಹೋಗಿದ್ದರು. ಚಳಿಗೂ ಇದಕ್ಕೂ ನಂಟು ಇದೆ ಅಂತ ಅವರಿಗೆ ಹೊಳೆಯೋಕೆ ಕಾರಣವೇ ಇರಲಿಲ್ಲ.

ಇನ್ನು ಇದು ಏನು ಮಾಡುತ್ತದೆ ಅಂತ ನೋಡೋಣ. ನರದ ತುದಿ ಚರ್ಮದ ಮೇಲ್ಪದರದ ತನಕ ಬಂದಿರುತ್ತದೆ, ತೀರಾ ತೆಳ್ಳಗೆ. ಅದರ ಹೊರ ಪೊರೆಯಲ್ಲಿ ಈ ಚಾನೆಲ್‌ಗಳು ನಾಟಿಕೊಂಡಿರುತ್ತವೆ. ಒಂದೊಂದು ಚಾನೆಲ್ಲೂ ನಾಲ್ಕು ಒಂದೇ ಥರದ ತುಂಡು ಸೇರಿ ಆದದ್ದು, ನಡುವೆ ಒಂದು ಸಣ್ಣ ದಾರಿ. ದಾರಿ ತೆರೆದರೆ ಹೊರಗಿನ ಸೋಡಿಯಂ, ಕ್ಯಾಲ್ಸಿಯಂ ಅಯಾನ್‌ಗಳು ಒಳಗೆ ಹರಿಯುತ್ತವೆ. ಅವು ಧನ ವಿದ್ಯುತ್ ಹೊತ್ತವು. ಒಳಗೆ ಸಾಕಷ್ಟು ಸೇರಿದಾಗ ನರದಲ್ಲಿ ಒಂದು ಮಿಡಿತ ಹುಟ್ಟಿ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಓಡುತ್ತದೆ. ಮಿದುಳಿಗೆ ಡಿಗ್ರಿ ಗಿಗ್ರಿ ಏನೂ ಕಾಣೋದಿಲ್ಲ. ಈ ಎಳೆಯಿಂದ ಮಿಡಿತ ಬಂತಾ, ಹಾಗಾದರೆ ಕೈ ತಣ್ಣಗಿದೆ, ಅಷ್ಟೇ ಅದರ ಲೆಕ್ಕ.

ದಾರಿ ತೆರೆಯುವುದು ಯಾವಾಗ? ತಟ್ಟೆಯಲ್ಲಿಟ್ಟ ಕೋಶಗಳಲ್ಲಿ ಅಳೆದರೆ ಸುಮಾರು 26 ಡಿಗ್ರಿಗೆ ಇಳಿದಾಗ ತೆರೆಯತೊಡಗುತ್ತದೆ, ಇನ್ನೂ ಇಳಿಸುತ್ತ ಹೋದರೆ ಇನ್ನೂ ಜಾಸ್ತಿ ತೆರೆಯುತ್ತದೆ. ಇದು ತಟ್ಟೆಯ ಅಂಕಿ. ಜೀವಂತ ಚರ್ಮದಲ್ಲಿ ಎಲ್ಲ ನರಕ್ಕೂ ಒಂದೇ ಗೆರೆ ಇರೋದಿಲ್ಲ, ಕೆಲವು ಒಂದೆರಡು ಡಿಗ್ರಿ ಇಳಿದರೂ ಮಿಡಿಯುತ್ತವೆ. ಆದರೂ ಲೆಕ್ಕ ಅರ್ಥವಾಗೋಕೆ 26 ಅಂತಲೇ ಇಟ್ಟುಕೊಳ್ಳೋಣ. ನಮ್ಮ ಹುಡುಗಿಯ ಕೈ 33. ಗೆರೆಗಿಂತ ಮೇಲಿದೆ, ದಾರಿ ಬಹುತೇಕ ಮುಚ್ಚಿದೆ, ಅವಳಿಗೆ ಏನೂ ಅನ್ನಿಸೋದಿಲ್ಲ.

ಈಗ ಮೆಂಥಾಲ್ ಬಂತು. ಅದು ಎಣ್ಣೆಯಲ್ಲಿ ಕರಗುವ ಚಿಕ್ಕ ಅಣು, C10H20O. ಚರ್ಮದ ಪದರಗಳೂ ನರದ ಪೊರೆಯೂ ಜಿಡ್ಡಿನವೇ ಆದ್ದರಿಂದ ಸಲೀಸಾಗಿ ಒಳಗೆ ಹೋಗುತ್ತದೆ. ಚಾನೆಲ್‌ನ ಒಂದು ಸಂದಿಯಲ್ಲಿ ಕೂರುತ್ತದೆ. ಹಾಗೆ ಕೂತಾಗ ಅದು ಮಾಡುವುದು ಒಂದೇ ಕೆಲಸ: ಆ 26ರ ಗೆರೆಯನ್ನು ಮೇಲಕ್ಕೆ ಸರಿಸುತ್ತದೆ. 30, 32, 34, ಎಷ್ಟು ಮೆಂಥಾಲ್ ಇದೆ ಅನ್ನುವುದರ ಮೇಲೆ ಹೋಗುತ್ತದೆ. ಗೆರೆ 33 ದಾಟಿತು ಅಂದರೆ ಮುಗೀತು. ಕೈಯ ಬಿಸಿ ಬದಲಾಗಿಲ್ಲ, ಆದರೆ ಅದೇ ಬಿಸಿ ಈಗ ಗೆರೆಯ ಕೆಳಗೆ ಬಂತು.

ಬೆಂಗಳೂರಿನವರಿಗೆ ಇದನ್ನು ಬೇಗ ಹೇಳಬಹುದು. ಮೀಟರ್ ಕೆಡಿಸಿದ ಆಟೋದಲ್ಲಿ ಕೂತಿದ್ದೀರಿ ಅಂದುಕೊಳ್ಳಿ. ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ದೂರ ಇದ್ದಷ್ಟೇ ಇದೆ. ಮೀಟರ್ ಮಾತ್ರ ಬೇಗ ಓಡುತ್ತದೆ, ನೀವು ಕೊಡುವುದು ಮೀಟರ್ ನೋಡಿ. ಕೆಟ್ಟ ಮೀಟರ್ ಕೂಡ ದೂರವನ್ನು ಅಳೆಯುವುದನ್ನು ನಿಲ್ಲಿಸಿಲ್ಲ ಅನ್ನುವುದನ್ನು ಗಮನಿಸಿ. ಗಾಡಿ ನಿಂತರೆ ಅದೂ ನಿಧಾನವಾಗುತ್ತದೆ. ಮೆಂಥಾಲ್ ಕೂತ ಚಾನೆಲ್ಲೂ ಹಾಗೇ, ಚರ್ಮ ಬಿಸಿಯಾದರೆ ಮುಚ್ಚಿಕೊಳ್ಳುತ್ತದೆ. ಬೆಕ್ಕಿನ ನಾಲಿಗೆಯಲ್ಲಿ 1951ರಲ್ಲಿ ಕಂಡದ್ದು ಇದೇ.

ಎರಡನೇ ಪಿಯುಸಿ ಓದುವ ಒಬ್ಬ ಇಲ್ಲಿ ಕೈಯೆತ್ತಿದ. "ಗೆರೆ ಸರಿಸುತ್ತೆ ಅಂತೀರಲ್ಲ, ಹೇಗೆ ಸರಿಸುತ್ತೆ?" ಚಳಿ ಬಂದಾಗ ಚಾನೆಲ್ ತೆರೆಯುವುದು ಯಾಕೆ ಅನ್ನುವುದೇ ಇದಕ್ಕೆ ಉತ್ತರ. ನರಕೋಶದ ಒಳಗಡೆ ಹೊರಗಡೆಗಿಂತ ಸುಮಾರು 60-70 ಮಿಲಿವೋಲ್ಟ್ ಋಣ ಇರುತ್ತದೆ. ಟಿಆರ್‌ಪಿಎಂ8 ಈ ವೋಲ್ಟೇಜನ್ನೂ ಗಮನಿಸುವ ಚಾನೆಲ್. ಒಳಗಡೆ ಧನವಾದಷ್ಟೂ ತೆರೆಯುವ ಮನಸ್ಸು ಜಾಸ್ತಿ. ಬೆಚ್ಚಗಿರುವಾಗ ಅದನ್ನು ತೆರೆಸಬೇಕಾದರೆ ನರಕೋಶದಲ್ಲಿ ಯಾವತ್ತೂ ಬಾರದಷ್ಟು ದೊಡ್ಡ ಧನ ವೋಲ್ಟೇಜ್ ಬೇಕು, ಹಾಗಾಗಿ ಅದು ಮುಚ್ಚಿರುತ್ತದೆ. ತಣ್ಣಗೆ ಮಾಡಿದರೆ ಬೇಕಾಗುವ ವೋಲ್ಟೇಜ್ ಇಳಿಯುತ್ತ ಬಂದು, ಕೋಶದಲ್ಲಿ ಈಗಾಗಲೇ ಇರುವ ವೋಲ್ಟೇಜಿಗೆ ಹತ್ತಿರವಾಗುತ್ತದೆ, ಚಾನೆಲ್‌ಗಳಲ್ಲಿ ಒಂದು ಪಾಲು ತೆರೆಯುತ್ತವೆ. ಮೆಂಥಾಲ್ ಮಾಡುವುದೂ ಇದನ್ನೇ, ಬೇಕಾಗುವ ವೋಲ್ಟೇಜನ್ನು ಇಳಿಸುತ್ತದೆ. ಬೆಲ್ಜಿಯಂನ ಲ್ಯೂವೆನ್‌ನಲ್ಲಿ ಥಾಮಸ್ ವೂಟ್ಸ್, ಬರ್ಂಡ್ ನಿಲಿಯಸ್ ಮತ್ತು ಅವರ ಜೊತೆಗಾರರು 2004ರಲ್ಲಿ ಇದನ್ನು ಅಳೆದು ತೋರಿಸಿದರು. ಚಳಿಯೂ ಮೆಂಥಾಲೂ ಒಂದೇ ಅಂಕಿಯನ್ನು ಒಂದೇ ದಿಕ್ಕಿಗೆ ತಳ್ಳುತ್ತವೆ. ಆದ್ದರಿಂದ ಎರಡೂ ಒಟ್ಟಿಗೆ ಬಂದರೆ ಕೂಡಿಕೊಳ್ಳುತ್ತವೆ.

ಈ ಕೂಡಿಕೊಳ್ಳುವುದನ್ನು ನೀವೆಲ್ಲ ಬಾಯಲ್ಲಿ ಅನುಭವಿಸಿದ್ದೀರಿ. ಪೆಪ್ಪರ್‌ಮೆಂಟ್ ಚೀಪಿ, ಮೇಲೆ ಒಂದು ಗುಟುಕು ನೀರು ಕುಡಿದರೆ ಹಲ್ಲೆಲ್ಲ ಜುಮ್ ಅನ್ನುತ್ತದಲ್ಲ, ಅದು. ಲೆಕ್ಕ ಮಾಡಿ ನೋಡೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ನಾಲಿಗೆ 35 ಡಿಗ್ರಿ ಇದೆ. ಮಣ್ಣಿನ ಮಡಕೆಯ ನೀರು 24. ಗುಟುಕು ಬಾಯಿಗೆ ಹೋದಾಗ ನಾಲಿಗೆಯ ಮೇಲ್ಮೈ ಕ್ಷಣಕಾಲ 29ಕ್ಕೆ ಇಳಿಯಿತು ಅಂದುಕೊಳ್ಳಿ. ಗೆರೆ 26ರಲ್ಲಿದ್ದರೆ 29 ಅದರ ಮೇಲೆಯೇ ಇದೆ. ಬೇಗ ಮಿಡಿಯುವ ಕೆಲವು ಎಳೆಗಳು ಮಾತ್ರ ಮಾತಾಡುತ್ತವೆ, "ನೀರು ತಂಪಾಗಿದೆ" ಅನ್ನಿಸುತ್ತದೆ, ಅಷ್ಟೇ. ಪೆಪ್ಪರ್‌ಮೆಂಟ್ ಗೆರೆಯನ್ನು 34ಕ್ಕೆ ಏರಿಸಿದ್ದರೆ ಅದೇ 29 ಈಗ ಗೆರೆಗಿಂತ ಐದು ಡಿಗ್ರಿ ಕೆಳಗೆ. ಮೆಂಥಾಲ್ ಇಲ್ಲದೆ ಇಷ್ಟೇ ಚಾನೆಲ್ ತೆರೆಯಬೇಕಾಗಿದ್ದರೆ ನಾಲಿಗೆ 21ಕ್ಕೆ ಇಳಿಯಬೇಕಿತ್ತು, ಅಂದರೆ ಫ್ರಿಜ್ ನೀರೇ ಬೇಕಿತ್ತು. ಮಡಕೆ ನೀರು ಫ್ರಿಜ್ ನೀರಾಗಿದ್ದು ಹೀಗೆ. ಬಾಯಿ ತೆರೆದು ಗಾಳಿ ಎಳೆದುಕೊಂಡರೂ ಇದೇ ಕತೆ, ಎಂಜಲು ಆವಿಯಾಗಿ ನಾಲಿಗೆ ಸ್ವಲ್ಪ ಇಳಿಯುತ್ತದೆ, ಆ ಸ್ವಲ್ಪವೇ ಈಗ ದೊಡ್ಡದು.

ತಿರುಗಿಸಿ ನೋಡಿ. ಪೆಪ್ಪರ್‌ಮೆಂಟ್ ಬಾಯಲ್ಲಿರುವಾಗಲೇ ಬಿಸಿ ಬಿಸಿ ಕಾಫಿ ಕುಡಿಯಿರಿ. ನಾಲಿಗೆ 45ಕ್ಕೆ ಹೋದರೆ 34ರ ಗೆರೆ ಎಲ್ಲೋ ಕೆಳಗುಳಿಯಿತು. ತಂಪು ಮಾಯ. ಕಾಫಿ ಗಂಟಲಿಗಿಳಿದು ಬಾಯಿ ಆರುತ್ತಿದ್ದಂತೆ ತಂಪು ಮತ್ತೆ ಬರುತ್ತದೆ, ಹೊಸ ಪೆಪ್ಪರ್‌ಮೆಂಟ್ ಹಾಕಿಕೊಳ್ಳದೆಯೇ. ಕಾಫಿಯ ರುಚಿ ಹಾಳಾಗುತ್ತದೆ, ಅದಕ್ಕೆ ನಾನು ಜವಾಬ್ದಾರನಲ್ಲ.

"ಹಾಗಾದ್ರೆ ಪುದೀನ ಚಟ್ನಿ ತಿಂದ್ರೆ ಹಾಗ್ಯಾಕೆ ಆಗಲ್ಲ?" ಅಂತ ಒಬ್ಬ ಅಮ್ಮ ಕೇಳಿದರು. ಯಾಕಂದರೆ ನಾವು ಚಟ್ನಿಗೆ ಬಳಸುವ ಪುದೀನದ ಬಹುಪಾಲು ಬೇರೆ ಜಾತಿಯದು, ಅದರ ಘಮ ಕಾರ್ವೋನ್ ಅನ್ನುವ ವಸ್ತುವಿನದು. ಮೆಂಥಾಲ್ ಅದರಲ್ಲಿ ತೀರಾ ಕಡಿಮೆ. ಮೆಂಥಾಲ್ ತೆಗೆಯುವುದು ಉತ್ತರ ಪ್ರದೇಶದ ಬಾರಾಬಂಕಿ, ಸಂಭಲ್ ಕಡೆ ಎಕರೆಗಟ್ಟಲೆ ಬೆಳೆಯುವ ಮೆಂಥಾ ಆರ್ವೆನ್ಸಿಸ್ ಅನ್ನುವ ಗಿಡದಿಂದ. ಸೊಪ್ಪನ್ನು ಹಬೆಯಲ್ಲಿ ಬಟ್ಟಿ ಇಳಿಸಿ ಎಣ್ಣೆ ತೆಗೆಯುತ್ತಾರೆ. ಆ ಎಣ್ಣೆಯ ಬಹುಪಾಲು ಮೆಂಥಾಲೇ. ಎಣ್ಣೆಯನ್ನು ನಿಧಾನವಾಗಿ ತಣಿಸಿದರೆ ಉದ್ದುದ್ದ ಸೂಜಿಯಂಥ ಹರಳು ಕಟ್ಟುತ್ತದೆ. ಜಗತ್ತಿನಲ್ಲಿ ಇದನ್ನು ಎಲ್ಲರಿಗಿಂತ ಜಾಸ್ತಿ ಬೆಳೆಯುವುದು ನಾವೇ. ಹರಳು ಕರಗುವುದು 42 ಡಿಗ್ರಿಯ ಸುಮಾರಿಗೆ, ಹಾಗಾಗಿ ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಪೊಟ್ಟಣ ಬಿಟ್ಟು ಹೋಗಬೇಡಿ.

ಆ ಗಿಡದ ಮೆಂಥಾಲ್ ಅಣುವಿಗೆ ಒಂದು ಕನ್ನಡಿ ರೂಪವೂ ಇದೆ. ಎಡಗೈ ಬಲಗೈ ಥರ, ಪರಮಾಣುಗಳು ಅವೇ, ಜೋಡಣೆ ತಿರುಗುಮುರುಗು. ಆ ಕನ್ನಡಿ ರೂಪ ಹಚ್ಚಿದರೆ ತಂಪು ಬಹಳ ಕಮ್ಮಿ. ಮೆಂಥಾಲ್ ಸುಮ್ನೆ ಪೊರೆಯಲ್ಲಿ ಕರಗಿ ಗಲಾಟೆ ಮಾಡುತ್ತಿದ್ದರೆ ಎರಡಕ್ಕೂ ವ್ಯತ್ಯಾಸ ಇರಬಾರದಿತ್ತು. ಅದು ಕೂರುವ ಜಾಗಕ್ಕೆ ಒಂದು ಆಕಾರ ಇದೆ ಅಂತ ಇದರಿಂದಲೇ ಗೊತ್ತಾಗುತ್ತದೆ.

ಸರಿ, ಇದೊಂದೇ ಚಾನೆಲ್ ಚಳಿಗೆ ಕಾರಣವಾ? 2007ರಲ್ಲಿ ಮೂರು ತಂಡಗಳು ಈ ಜೀನ್ ತೆಗೆದುಹಾಕಿದ ಇಲಿಗಳನ್ನು ಪರೀಕ್ಷಿಸಿದವು. ಪಕ್ಕಪಕ್ಕ ಎರಡು ಲೋಹದ ತಟ್ಟೆ, ಒಂದು 30 ಡಿಗ್ರಿ, ಇನ್ನೊಂದು 20. ಮಾಮೂಲಿ ಇಲಿ 30ರ ಮೇಲೇ ಕೂರುತ್ತದೆ, 20ರ ಕಡೆ ಕಾಲಿಡೋದಿಲ್ಲ. ಜೀನ್ ಇಲ್ಲದ ಇಲಿಗೆ ಎರಡೂ ಒಂದೇ, ಅಲ್ಲೂ ಓಡಾಡುತ್ತದೆ ಇಲ್ಲೂ ಓಡಾಡುತ್ತದೆ. ಆದರೆ ತಟ್ಟೆಯನ್ನು 10 ಡಿಗ್ರಿ ಆಸುಪಾಸಿಗೆ ಇಳಿಸಿದರೆ ಅದೂ ದೂರ ಸರಿಯುತ್ತದೆ. ಅಂದರೆ ಹಿತವಾದ ತಂಪಿನಿಂದ ಸಾಧಾರಣ ಚಳಿಯ ತನಕ ಬಹುತೇಕ ಕೆಲಸ ಟಿಆರ್‌ಪಿಎಂ8ನದು. ಕೊರೆದು ನೋವು ಬರಿಸುವಂಥ ಚಳಿಗೆ ಬೇರೆಯವರೂ ಇದ್ದಾರೆ.

ಮೆಂಥಾಲ್ ಹಚ್ಚಿ ಸ್ವಲ್ಪ ಹೊತ್ತಾದ ಮೇಲೆ ತಂಪು ಕಡಿಮೆಯಾಗುವುದು ಮೆಂಥಾಲ್ ಖರ್ಚಾಗಿ ಅಂತಲೇ ಅಲ್ಲ. ತೆರೆದ ದಾರಿಯಲ್ಲಿ ಕ್ಯಾಲ್ಸಿಯಂ ಒಳಗೆ ಬರುತ್ತದೆ ಅಂದೆನಲ್ಲ. ಅದು ಒಳಗೆ ಒಂದು ಕಿಣ್ವವನ್ನು ಎಬ್ಬಿಸುತ್ತದೆ. ಚಾನೆಲ್ ತೆರೆದಿರಬೇಕಾದರೆ ಪೊರೆಯಲ್ಲಿ ಒಂದು ಬಗೆಯ ಕೊಬ್ಬಿನ ಅಣು ಇರಲೇಬೇಕು, ಈ ಕಿಣ್ವ ಅದನ್ನು ಕತ್ತರಿಸಿ ಹಾಕುತ್ತದೆ. ಚಾನೆಲ್ ತಾನು ತೆರೆದದ್ದರಿಂದಲೇ ದಣಿಯುತ್ತದೆ. ಅದಕ್ಕೇ ತಂಪು ಸಾಲದು ಅಂತ ಮೇಲೆ ಮೇಲೆ ಹಚ್ಚುತ್ತ ಹೋಗುವುದರಲ್ಲಿ ಅರ್ಥ ಇಲ್ಲ. ಹಾಗೆ ಹಚ್ಚಿದಾಗ ಬರುವುದು ತಂಪಲ್ಲ, ಉರಿ. ಜಾಸ್ತಿ ಮೆಂಥಾಲ್ ಟಿಆರ್‌ಪಿಎ1 ಅನ್ನುವ ಇನ್ನೊಂದು ಚಾನೆಲನ್ನೂ ತೆರೆಯುತ್ತದೆ. ಸಾಸಿವೆಯ ಘಾಟಿಗೆ ಕಣ್ಣು ಮೂಗು ಉರಿಯುವುದು ಅದರಿಂದಲೇ.

ಈಗ ಮೂಗಿನ ವಿಷಯ. ಶೀತವಾದಾಗ ಮುಲಾಮು ಮೂಸಿದರೆ "ಮೂಗು ಬಿಟ್ಟಿತು" ಅನ್ನುತ್ತೇವೆ. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ರೊನಾಲ್ಡ್ ಎಕ್ಲ್ಸ್ ಅನ್ನುವವರು 1980ರ ದಶಕದಿಂದ ಇದನ್ನು ಅಳೆಯುತ್ತ ಬಂದರು. ಮೂಗಿನಲ್ಲಿ ಗಾಳಿ ಹೋಗೋಕೆ ಎಷ್ಟು ತಡೆ ಇದೆ ಅಂತ ಯಂತ್ರದಲ್ಲಿ ನೋಡಿ, ಮೆಂಥಾಲ್ ಮೂಸಿಸಿ, ಮತ್ತೆ ನೋಡಿದರು. ಜನ ಉಸಿರು ಸಲೀಸಾಯಿತು ಅಂದರು. ಯಂತ್ರದ ಅಂಕಿ ಇದ್ದಲ್ಲೇ ಇತ್ತು. ಮೂಗಿನೊಳಗಿನ ಊತ ಒಂದಿಷ್ಟೂ ಇಳಿದಿರಲಿಲ್ಲ. ನಮಗೆ ಗಾಳಿ ಒಳಗೆ ಹೋಗುತ್ತಿದೆ ಅಂತ ಗೊತ್ತಾಗುವುದೇ ಅದು ಮೂಗಿನ ಒಳಪದರವನ್ನು ತಣಿಸುವುದರಿಂದ. ಮೆಂಥಾಲ್ ಬಂದರೆ ಸ್ವಲ್ಪ ಗಾಳಿಗೂ ಜಾಸ್ತಿ ತಂಪು, ಮಿದುಳು ಅದನ್ನು ಜಾಸ್ತಿ ಗಾಳಿ ಅಂತ ಓದಿಕೊಳ್ಳುತ್ತದೆ. ನಾನು ಇದನ್ನು ಮೋಸ ಅನ್ನೋದಿಲ್ಲ. ರಾತ್ರಿ ನಿದ್ದೆ ಬಂದರೆ ಅಷ್ಟೇ ಸಾಕು ಎಷ್ಟೋ ಸಲ. ಆದರೆ ಮುಲಾಮು ಹಚ್ಚಿದೆ, ಮೂಗು ಬಿಟ್ಟಿದೆ, ಹಾಗಾಗಿ ಕಾಯಿಲೆ ಇಳಿಯುತ್ತಿದೆ ಅಂತ ಲೆಕ್ಕ ಹಾಕಬೇಡಿ. ಇನ್ನು ಎಳೆ ಮಕ್ಕಳ ಮೂಗಿನ ಹೊಳ್ಳೆಗೆ ಇದನ್ನು ಸವರುವ ರೂಢಿ ನಮ್ಮಲ್ಲಿದೆ, ಅದನ್ನು ದಯವಿಟ್ಟು ಬಿಡಿ. ಮೂಗಿನ ನರಕ್ಕೆ ದಿಢೀರ್ ಅಂತ ಇಷ್ಟು ಜೋರು ತಂಪಿನ ಸುದ್ದಿ ಹೋದರೆ ಮಗುವಿನ ಗಂಟಲು ಬಿಗಿದು ಉಸಿರು ಒಂದು ಕ್ಷಣ ನಿಲ್ಲಬಹುದು. ಎರಡು ವರ್ಷದೊಳಗಿನ ಮಕ್ಕಳಿಗೆ ಮೆಂಥಾಲ್ ಮುಲಾಮು ಬೇಡ ಅಂತ ವೈದ್ಯರು ಹೇಳುವುದು ಇದಕ್ಕೇ.

ಬೇಸಿಗೆಯ ಕೂಲ್ ಎಣ್ಣೆ, ಬೆವರುಸಾಲೆ ಪೌಡರ್ ಬಗ್ಗೆ ಬಹಳ ಜನ ಕೇಳಿದರು. ಸ್ನಾನ ಮಾಡಿ ಪೌಡರ್ ಹಾಕಿಕೊಂಡು ಫ್ಯಾನ್ ಕೆಳಗೆ ಕೂತರೆ ಹಾಯಾಗಿರುತ್ತದೆ, ಅದರಲ್ಲೇನೂ ತಪ್ಪಿಲ್ಲ. ಫ್ಯಾನ್ ಗಾಳಿ ಚರ್ಮವನ್ನು ಒಂದೆರಡು ಡಿಗ್ರಿ ಇಳಿಸುತ್ತದೆ, ಮೆಂಥಾಲ್ ಅದನ್ನು ದೊಡ್ಡದು ಮಾಡುತ್ತದೆ. ಬಿಸಿಲಲ್ಲಿ ಕೆಲಸ ಮಾಡುವಾಗ ಮಾತ್ರ ವಿಷಯ ಬೇರೆ. ಚರ್ಮದಿಂದ "ಚಳಿ" ಅನ್ನುವ ಸುದ್ದಿ ಬಂದರೆ ಮೈ ಅದನ್ನು ನಂಬಿ ನಡೆದುಕೊಳ್ಳುತ್ತದೆ. ಚರ್ಮದ ರಕ್ತನಾಳ ಬಿಗಿಯಾಗುತ್ತವೆ, ಬೆವರು ತಡವಾಗುತ್ತದೆ, ಬಿಸಿಯನ್ನು ಒಳಗೇ ಉಳಿಸಿಕೊಳ್ಳೋಕೆ ನೋಡುತ್ತದೆ. ಮೈಮೇಲೆ ಮೆಂಥಾಲ್ ಸಿಂಪಡಿಸಿ ಸೆಕೆಯಲ್ಲಿ ವ್ಯಾಯಾಮ ಮಾಡಿಸಿದ ಪ್ರಯೋಗಗಳಲ್ಲಿ ಜನ ತಂಪಾಗಿದೆ ಅಂದರು, ಒಳಗಿನ ತಾಪ ಮಾತ್ರ ಇಳಿಯಲಿಲ್ಲ. ಕೆಲವು ಪ್ರಯೋಗಗಳಲ್ಲಿ ಸ್ವಲ್ಪ ಏರಿತು ಕೂಡ. ಕಲಬುರಗಿಯಲ್ಲಿ ಮೇ ತಿಂಗಳಲ್ಲಿ ಗದ್ದೆಯಲ್ಲೋ ಕಟ್ಟಡದಲ್ಲೋ ದುಡಿಯುವವರಿಗೆ ಒದ್ದೆ ಟವಲ್ ಮೇಲು. ಅದು ನಿಜವಾಗಿಯೂ ಬಿಸಿ ಎಳೆಯುತ್ತದೆ.

ಕೊನೆಯ ಪ್ರಶ್ನೆ ಕೇಳಿದ್ದು ಕಂಪ್ಯೂಟರ್ ಕೆಲಸದ ಒಬ್ಬರು. "ಕೂಲ್ ಎಣ್ಣೆ ಹಣೆಗೆ ಹಚ್ಕೊಂಡ್ರೆ ಕಣ್ಣಲ್ಲಿ ನೀರು ಬರುತ್ತೆ, ಅದೂ ಇದೇನಾ?" ಹೌದು, ಇದೇ. ಕಣ್ಣಿನ ಕಪ್ಪುಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಈ ತಂಪಿನ ನರಗಳು ದಟ್ಟವಾಗಿವೆ. ರೆಪ್ಪೆ ತೆರೆದಾಗ ಕಣ್ಣೀರಿನ ತೆಳು ಪದರ ಆವಿಯಾಗಿ ಕಣ್ಣು ಸ್ವಲ್ಪ ತಣ್ಣಗಾಗುತ್ತದೆ, ಟಿಆರ್‌ಪಿಎಂ8 ಅದನ್ನು ಗಮನಿಸಿ ಇನ್ನಷ್ಟು ಕಣ್ಣೀರು ತರಿಸುತ್ತದೆ. ಕಣ್ಣು ದಿನವಿಡೀ ಒಣಗದೆ ಇರುವುದರಲ್ಲಿ ಇದರ ಪಾಲು ದೊಡ್ಡದು. ಆದರೆ ಜಾಸ್ತಿ ಮೆಂಥಾಲ್ ಹೋದರೆ ನೀರಿನ ಜೊತೆ ಉರಿಯೂ ಬರುತ್ತದೆ. ಉರಿ ಇಲ್ಲದೆ ಬರೀ ನೀರು ತರಿಸುವ ಅಣು ಬೇಕಲ್ವಾ? ಅಂಥದು ಸಿಕ್ಕಿದ್ದು ಒಂದು ಬ್ಲೇಡ್ ಕಂಪನಿಯ ಹಳೇ ಕಪಾಟಿನಲ್ಲಿ. 1970ರ ದಶಕದಲ್ಲಿ ಬ್ರಿಟನ್ನಿನ ವಿಲ್ಕಿನ್ಸನ್ ಸ್ವೋರ್ಡ್ ತಂಡದವರು, ಮೆಂಥಾಲ್‌ನ ಘಾಟು ವಾಸನೆ ಇಲ್ಲದೆ ಬರೀ ತಂಪು ಕೊಡುವ ವಸ್ತು ಬೇಕು ಅಂತ ರಾಶಿ ರಾಶಿ ಅಣುಗಳನ್ನು ತಯಾರಿಸಿ ಪರೀಕ್ಷಿಸಿದ್ದರು. ಚಾನೆಲ್ ಗೀನೆಲ್ ಏನೂ ಗೊತ್ತಿಲ್ಲದ ಕಾಲ ಅದು. ಕಂಪನಿಯ ಹೆಸರಿನ ಮೊದಲಕ್ಷರಗಳನ್ನೇ ಸೇರಿಸಿ ಡಬ್ಲ್ಯುಎಸ್-3, ಡಬ್ಲ್ಯುಎಸ್-23 ಅಂತ ಕರೆದರು. ಇವತ್ತಿನ ಚೂಯಿಂಗ್ ಗಮ್‌ಗಳಲ್ಲಿ ಪುದೀನ ವಾಸನೆ ಇಲ್ಲದೆ ಹಣ್ಣಿನ ರುಚಿಯಲ್ಲೂ ಬಾಯಿ ತಣ್ಣಗಾಗುತ್ತದಲ್ಲ, ಅದು ಇಂಥವುಗಳಿಂದ. ಅದೇ ಸಾಲಿನ ಡಬ್ಲ್ಯುಎಸ್-12 ಈಗ ಅಕೋಲ್ಟ್ರೆಮಾನ್ ಅನ್ನುವ ಹೆಸರಿನಲ್ಲಿ ಕಣ್ಣಿನ ಹನಿಯಾಗಿದೆ. ಬಾಟಲಿಯಲ್ಲಿ ಅದರ ಪ್ರಮಾಣ ಬರೀ 0.003 ಶೇಕಡಾ. ಒಣಗಣ್ಣಿನ ಕಾಯಿಲೆಗೆ ಅಮೆರಿಕದಲ್ಲಿ 2025ರ ಮೇ ತಿಂಗಳಲ್ಲಿ ಅನುಮತಿ ಸಿಕ್ಕಿತು. ಹೊರಗಿನಿಂದ ಕಣ್ಣೀರು ತುಂಬುವ ಹನಿ ಅಲ್ಲ ಇದು, ಕಣ್ಣಿಗೆ ತಾನು ತಣ್ಣಗಾಗಿದ್ದೇನೆ ಅನ್ನಿಸಿ ಅದರ ಕೈಯಲ್ಲೇ ನೀರು ತರಿಸುತ್ತದೆ.